ಹತ್ತೊಂಬತ್ತು ತಿಂಗಳು ಬಳಸಿದ ಜಾಹೀರಾತು ಸೇವೆ: ವರದಿಯ ಲೆಕ್ಕ ಬೇರೆ, ಅಕ್ಕಿ ಚೀಲದ ಲೆಕ್ಕ ಬೇರೆ

ಐದಕ್ಕೆ ಮೂರು ನಕ್ಷತ್ರ. ಮೊದಲ ವರ್ಷ ಕೇಳಿದ್ದರೆ ಐದೂ ಕೊಡುತ್ತಿದ್ದೆ.

ಗಂಗಾವತಿಯ ನಮ್ಮ ಗಿರಣಿಯ ಸೋನಾ ಮಸೂರಿಯನ್ನು ಹತ್ತು ಕಿಲೋ ಚೀಲಗಳಲ್ಲಿ ತುಂಬಿ, ನಮ್ಮದೇ ಜಾಲತಾಣದ ಮೂಲಕ ಬೆಂಗಳೂರಿನ ಮನೆಗಳಿಗೆ ಕಳುಹಿಸುತ್ತೇವೆ. ಜಾಹೀರಾತಿಗೆ ಈ ಸೇವೆಯನ್ನು ಹಿಡಿದೆವು. ಒಂದು ತಿಂಗಳ ವರದಿ ಹೀಗಿತ್ತು: ಒಟ್ಟು 420 ಆರ್ಡರ್‌ಗಳಲ್ಲಿ 312 ಜಾಹೀರಾತಿನಿಂದಲೇ ಬಂದವು. ದೊಡ್ಡಪ್ಪ ಕನ್ನಡಕ ಮೇಲೇರಿಸಿ ಓದಿ, “ಹಾಗಾದರೆ ನಮ್ಮ ಅಕ್ಕಿಗೆ ರುಚಿಯೇ ಇಲ್ಲವೇನಪ್ಪ?” ಎಂದರು. ನಾನು ನಕ್ಕು ಸುಮ್ಮನಾದೆ.

ಮುಂದೊಮ್ಮೆ ಬ್ಯಾಂಕ್ ಕಾರ್ಡಿನ ಅವಧಿ ಮುಗಿದು ಒಂಬತ್ತು ದಿನ ಜಾಹೀರಾತು ನಿಂತಿತು. ದಿನಕ್ಕೆ ಹದಿನಾಲ್ಕರಂತೆ ಬರುತ್ತಿದ್ದ ಆರ್ಡರ್‌ಗಳು ಹದಿಮೂರು, ಹದಿನಾಲ್ಕು ಎಂದು ಬರುತ್ತಲೇ ಇದ್ದವು. ಅದಕ್ಕಿಂತ ವಿಚಿತ್ರವೆಂದರೆ, ಜಾಹೀರಾತೇ ಇಲ್ಲದ ಆ ದಿನಗಳಲ್ಲೂ ವರದಿ ದಿನಕ್ಕೆ ಎಂಟೊಂಬತ್ತು ಆರ್ಡರ್‌ಗಳನ್ನು ತನ್ನ ಖಾತೆಗೆ ಬರೆದುಕೊಳ್ಳುತ್ತಿತ್ತು.

ಆಗ ಆ 312ನ್ನು ಬಿಡಿಸಿ ನೋಡಿದೆ. ಜಾಹೀರಾತನ್ನು ಒತ್ತಿ ಬಂದು ಕೊಂಡವರು 39. ಉಳಿದ 273 ‘ವ್ಯೂ-ಥ್ರೂ ಕನ್ವರ್ಷನ್’. ಅಂದರೆ ಜಾಹೀರಾತು ಅವರ ಪರದೆಗೆ ಹೋಗಿತ್ತು, ಅವರು ಅದನ್ನು ಒತ್ತಲಿಲ್ಲ, ಆದರೆ ಮೂವತ್ತು ದಿನದೊಳಗೆ ಬೇರೆ ದಾರಿಯಿಂದ ಬಂದು ಅಕ್ಕಿ ಕೊಂಡರು. ನಮ್ಮ ಗಿರಾಕಿಗಳ ಮನೆಯಲ್ಲಿ ಚೀಲ ಖಾಲಿಯಾಗುವುದು ಸುಮಾರು ತಿಂಗಳಿಗೊಮ್ಮೆ. ಮೂವತ್ತು ದಿನದ ಅವಧಿ ಇಟ್ಟರೆ ಹಳೆಯ ಗಿರಾಕಿಯ ಮುಂದಿನ ಚೀಲ ಹೆಚ್ಚುಕಡಿಮೆ ಖಂಡಿತವಾಗಿ ಅದರೊಳಗೇ ಬೀಳುತ್ತದೆ. ಎಪಿಎಂಸಿಯ ಗೇಟಿನಲ್ಲಿ ನಿಂತು, ಒಳಗೆ ಬಂದ ರೈತರೆಲ್ಲರ ಹೆಸರನ್ನು “ನಾನೇ ಕರೆತಂದೆ” ಎಂದು ಬರೆದುಕೊಂಡು ದಲ್ಲಾಳಿಯೊಬ್ಬ ಕಮಿಷನ್ ಕೇಳಿದಂತಾಯಿತು.

ಸೇವೆಯ ಮ್ಯಾನೇಜರ್‌ಗೆ ಫೋನ್ ಮಾಡಿದೆ. “ಸರ್, ಬ್ರ್ಯಾಂಡ್ ನೆನಪಿನಲ್ಲಿ ಉಳಿಯುತ್ತದಲ್ಲವೇ?” ಎಂದರು. ಇರಬಹುದು, ಪರೀಕ್ಷಿಸಿಯೇ ನೋಡೋಣವೆಂದೆ. 1,200 ಹಳೆಯ ಗಿರಾಕಿಗಳನ್ನು ಮೊಬೈಲ್ ಸಂಖ್ಯೆಯ ಕೊನೆಯ ಅಂಕಿ ಬೆಸವೋ ಸಮವೋ ಎಂಬುದರ ಮೇಲೆ ವಿಂಗಡಿಸಿದೆ. ಸರಿಸುಮಾರು 600ರಂತೆ ಎರಡು ಗುಂಪುಗಳಾದವು. ಬೆಸದವರಿಗೆ ಜಾಹೀರಾತು, ಸಮದವರಿಗೆ ಇಲ್ಲ. ತಿಂಗಳ ಕೊನೆಗೆ ಬೆಸದವರಿಂದ 168 ಆರ್ಡರ್, ಸಮದವರಿಂದ 161. ಆ 168ರಲ್ಲಿ 121 ‘ನೋಡಿದ್ದರಿಂದ’ ಬಂದವು ಎಂದಿತ್ತು ವರದಿ. ನಿಜವಾದ ವ್ಯತ್ಯಾಸ ಏಳು. ಅದೂ ಇಷ್ಟು ಸಣ್ಣ ಗುಂಪುಗಳಲ್ಲಿ ಬರೀ ಆಕಸ್ಮಿಕವಾಗಿ ಬರಬಹುದಾದಷ್ಟು. ಮರುತಿಂಗಳು 159ಕ್ಕೆ 163, ಜಾಹೀರಾತು ಕಾಣದವರೇ ಮುಂದಿದ್ದರು.

ಅವಧಿಯನ್ನು ಒಂದು ದಿನಕ್ಕೆ ಇಳಿಸಿದರೆ ಸರಿಹೋಗುತ್ತದೆ ಎಂದುಕೊಂಡೆ. 121 ಇಳಿದದ್ದು 94ಕ್ಕೆ, ಅಷ್ಟೇ. ಕಾರಣ ಹೊಳೆಯಲು ಒಂದು ವಾರ ಬೇಕಾಯಿತು. ಅವರಿಗೆ ಜಾಹೀರಾತು ದಿನವೂ ಹೋಗುತ್ತಿತ್ತು. ದಿನವೂ ನೋಡುವವರು ಯಾವಾಗ ಕೊಂಡರೂ, ಕೊನೆಯ ಸಲ ನೋಡಿ ಒಂದು ದಿನ ಕಳೆದಿರುವುದಿಲ್ಲ. ಎಷ್ಟು ಸಲ ತೋರಿಸಬೇಕು ಎಂಬುದಕ್ಕೆ ಕಡಿವಾಣ ಹಾಕದೆ ಅವಧಿಯನ್ನಷ್ಟೇ ಕಿರಿದಾಗಿಸಿದರೆ ಪ್ರಯೋಜನವಿಲ್ಲ. ಹಳೆಯ ಗಿರಾಕಿಗಳನ್ನು ಪಟ್ಟಿಯಿಂದಲೇ ತೆಗೆದುಬಿಟ್ಟೆ.

ಜಾಲತಾಣಕ್ಕೆ ಬಂದು ಕೊಳ್ಳದೆ ಹೋದ ಹೊಸಬರಿಗೆ ತಿಂಗಳಿಗೆ ಒಂದೇ ಸಲ ಕಾಣುವಂತೆ ಮಿತಿ ಹಾಕಿದೆ. ಮೂರು ತಿಂಗಳ ನಂತರ, ನೋಡಿದ ಎಷ್ಟನೆಯ ದಿನ ಎಷ್ಟು ಮಂದಿ ಕೊಂಡರೆಂದು ಎಣಿಸಿದೆ. ಮೊದಲ ದಿನ 21, ಎರಡನೆಯ ದಿನ 8, ಮೂರನೆಯ ದಿನ 6. ಅಲ್ಲಿಂದ ಮೂವತ್ತನೆಯ ದಿನದವರೆಗೂ ಐದು, ಆರು, ಐದು ಎಂದು ಒಂದೇ ಸಮ. ಆ ಸಮತಟ್ಟು ಜಾಹೀರಾತಿಗೆ ಸಂಬಂಧವಿಲ್ಲದೆ ಹೇಗೂ ಬರುವವರದು. ಮೂವತ್ತು ದಿನ ಇಟ್ಟರೆ ಅವರೆಲ್ಲ ಸೇರಿ ಲೆಕ್ಕ 180ಕ್ಕೆ ಹೋಗುತ್ತದೆ. ಸಮತಟ್ಟಿನ ಮೇಲೆ ಎದ್ದು ಕಾಣುವುದು ಮೊದಲ ದಿನದ ಹದಿನೈದು ಮಾತ್ರ. ಆದ್ದರಿಂದ ನಮಗೆ ಒಂದು ದಿನ ಸಾಕು. ಗೂಗಲ್ ಆಡ್ಸ್‌ನಲ್ಲೂ ಮೆಟಾದಲ್ಲೂ ನೋಡಿದ್ದಕ್ಕೆ ತಾನಾಗಿ ಸಿಗುವ ಅವಧಿ ಒಂದೇ ದಿನ ಎಂಬುದು ನನಗೆ ಆಮೇಲೆ ತಿಳಿಯಿತು. ಆ ಹದಿನೈದರಲ್ಲೂ ಕೆಲವರು ನಿನ್ನೆ ಬೆಲೆ ನೋಡಿ ಹೋಗಿ ಇಂದು ಹೇಗೂ ಮರಳುವವರೇ. ತಿಂಗಳು ಯೋಚಿಸಿ ಕೊಳ್ಳುವ ಟ್ರ್ಯಾಕ್ಟರ್‌ನಂಥದ್ದಕ್ಕೆ ಸಮತಟ್ಟು ತಡವಾಗಿ ಶುರುವಾಗಬಹುದು. ಅವರವರು ಎಣಿಸಿಯೇ ನೋಡಬೇಕು.

ಇನ್ನೊಂದು ದೂರು: ಪುಟದ ತಳದಲ್ಲಿ ಕಣ್ಣಿಗೇ ಬೀಳದ ಜಾಹೀರಾತನ್ನೂ ಈ ಸೇವೆ ‘ನೋಡಿದ್ದು’ ಎಂದೇ ಎಣಿಸುತ್ತಿತ್ತು. ಚಿತ್ರದ ಅರ್ಧ ಭಾಗವಾದರೂ ಒಂದು ಸೆಕೆಂಡ್ ಪರದೆಯಲ್ಲಿ ಇರಬೇಕೆಂಬ ಉದ್ಯಮದ ಮಾನದಂಡವಿದೆ. ಆ ಆಯ್ಕೆ ಸೆಟ್ಟಿಂಗ್‌ನಲ್ಲಿ ಇತ್ತು, ಆದರೆ ನಾವಾಗಿಯೇ ಹುಡುಕಿ ಆನ್ ಮಾಡಬೇಕಾಯಿತು.

ಮೂರು ನಕ್ಷತ್ರ ಉಳಿದದ್ದು ದಿನವಾರು ಲೆಕ್ಕವನ್ನು ಕೇಳಿದಾಗೆಲ್ಲ ಮುಚ್ಚುಮರೆಯಿಲ್ಲದೆ ಕೊಟ್ಟರೆಂಬ ಕಾರಣಕ್ಕೆ. ಈಗ ನೋಡಿದ್ದನ್ನೂ ಒತ್ತಿದ್ದನ್ನೂ ಬೇರೆ ಕಾಲಂಗಳಲ್ಲಿ ಬರೆಸುತ್ತೇನೆ, ಬಜೆಟ್ ನಿರ್ಧರಿಸುವಾಗ ಎರಡನ್ನೂ ಕೂಡಿಸುವುದಿಲ್ಲ. ತಿಂಗಳ ಖರ್ಚು ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ. ಕಳೆದ ತಿಂಗಳು 426 ಆರ್ಡರ್‌ಗಳು ಹೋದವು.