ಮೂರು ಸಲ ಒಂದು ರೂಪಾಯಿ ಬಂತು, 412 ಡಾಲರ್ ಮಾತ್ರ ಬರಲಿಲ್ಲ

ಈ ಫ್ರೀಲ್ಯಾನ್ಸ್ ತಾಣದಲ್ಲಿ ನಾನು 2021ರಿಂದ ಕೆಲಸ ಮಾಡುತ್ತಿದ್ದೇನೆ. ಮೂರು ವರ್ಷ ಒಂದೇ ಒಂದು ದೂರು ಇರಲಿಲ್ಲ. 2024ರ ಮೇ ತಿಂಗಳಲ್ಲಿ ಕೇಳಿದ್ದರೆ ಕಣ್ಣು ಮುಚ್ಚಿ ಐದು ಸ್ಟಾರ್ ಕೊಡುತ್ತಿದ್ದೆ. ಈಗ ಮೂರು ಕೊಡುತ್ತಿದ್ದೇನೆ. ಕಾರಣ ದುಡ್ಡು ತೆಗೆಯುವ ವಿಷಯ ಒಂದೇ, ಹಾಗಾಗಿ ಅದನ್ನೇ ಬಿಡಿಸಿ ಬರೆಯುತ್ತೇನೆ.

ನನ್ನ ಕೆಲಸ ಎಂಬ್ರಾಯ್ಡರಿ ಡಿಜಿಟೈಸಿಂಗ್. ಕಂಪನಿಯ ಲೋಗೋ ಚಿತ್ರ ಕಳಿಸುತ್ತಾರೆ. ಅದನ್ನು ಎಂಬ್ರಾಯ್ಡರಿ ಮಷಿನ್‌ಗೆ ಅರ್ಥವಾಗುವ .DST ಫೈಲ್ ಮಾಡಿಕೊಡಬೇಕು. ಸೂಜಿ ಎಲ್ಲಿ ಶುರು ಮಾಡಬೇಕು, ಯಾವ ದಿಕ್ಕಿಗೆ ಹೋಗಬೇಕು, ದಾರ ಎಲ್ಲಿ ಕತ್ತರಿಸಬೇಕು, ಎಲ್ಲವನ್ನೂ ನಾವೇ ಹೇಳಬೇಕು. ನನ್ನ ಖಾಯಂ ಗಿರಾಕಿಗಳಲ್ಲಿ ಜಾಸ್ತಿ ಜನ ಅಮೆರಿಕದ ಟೋಪಿ, ಟೀ ಶರ್ಟ್ ಮಾಡುವವರು. ಅವರ ಸಂಜೆ ಐದು ಗಂಟೆ ಅಂದರೆ ನಮಗೆ ನಡುರಾತ್ರಿ ಎರಡೂವರೆ. ಅಂಗಡಿ ಮುಚ್ಚುವಾಗ ಅವರು ಲೋಗೋ ಹಾಕಿ ಹೋಗುತ್ತಾರೆ. ನಾನು ಬೆಳಿಗ್ಗೆ ಐದೂವರೆಗೆ ಎದ್ದು, ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಲ್ಯಾಪ್‌ಟಾಪ್ ತೆರೆದರೆ ರಾತ್ರಿ ಬಂದ ಆರ್ಡರ್ ಎದುರಿಗೇ ಇರುತ್ತದೆ. ಆ ಹೊತ್ತು ನನಗೆ ತುಂಬಾ ಇಷ್ಟ. ಮನೆ ಇನ್ನೂ ಎದ್ದಿರುವುದಿಲ್ಲ. ಟೋಪಿಯ ಲೋಗೋ ಆದರೆ ಹೊಲಿಗೆಯನ್ನು ನಡುವಿನಿಂದ ಹೊರಕ್ಕೆ, ಕೆಳಗಿನಿಂದ ಮೇಲಕ್ಕೆ ತರಬೇಕು, ಇಲ್ಲದಿದ್ದರೆ ಬಟ್ಟೆ ಸುಕ್ಕಾಗುತ್ತದೆ. ಚಿಕ್ಕ ಅಕ್ಷರ ಇದ್ದರೆ ಇನ್ನೂ ತಾಳ್ಮೆ ಬೇಕು. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಉಳಿದದ್ದು ಮುಗಿಸಿ, ಮಧ್ಯಾಹ್ನದೊಳಗೆ ಫೈಲ್ ಕಳಿಸುತ್ತೇನೆ. ಅವರು ಎದ್ದು ನೋಡುವಾಗ ಕೆಲಸ ಮುಗಿದಿರುತ್ತದೆ. ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ಇಂಥ ಗಿರಾಕಿಗಳನ್ನು ಹುಡುಕಿಕೊಳ್ಳಲು ನನಗೆ ಬೇರೆ ದಾರಿ ಇರಲಿಲ್ಲ. ಅದಕ್ಕೆ ಈ ತಾಣಕ್ಕೆ ನಾನು ಋಣಿ.

ದುಡ್ಡು ತೆಗೆಯಲು ಕನಿಷ್ಠ 50 ಡಾಲರ್ ಇರಬೇಕು. ಪ್ರತಿ ಸಲ 2 ಡಾಲರ್ ಶುಲ್ಕ. ನನ್ನ ಒಂದು ಡಿಸೈನ್‌ಗೆ ಸಿಗುವುದು 8ರಿಂದ 15 ಡಾಲರ್, ಹಾಗಾಗಿ 2 ಡಾಲರ್ ಅಂದರೂ ಲೆಕ್ಕ ಹಾಕುತ್ತೇನೆ. ಶುಲ್ಕ ಉಳಿಸಲು ಎರಡು ಮೂರು ತಿಂಗಳು ಅಲ್ಲೇ ಕೂಡಿಡುತ್ತಿದ್ದೆ. 2024ರ ಜೂನ್‌ನಲ್ಲಿ ಹಾಗೆ ಕೂಡಿದ್ದು 412 ಡಾಲರ್. ಮಗಳ ಸ್ಕೂಲ್ ಫೀಸಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಅದು.

ಅದಕ್ಕೂ ಒಂದು ತಿಂಗಳ ಹಿಂದೆ ತಾಣದವರು ಎಲ್ಲರ ಗುರುತನ್ನೂ ಮತ್ತೆ ಪರಿಶೀಲಿಸಿದ್ದರು. ತೆರಿಗೆ ಫಾರ್ಮ್‌ಗೆ ಪ್ಯಾನ್ ಕೇಳಿದರು, ಕೊಟ್ಟೆ. ಎರಡೇ ದಿನದಲ್ಲಿ ಹಸಿರು ಟಿಕ್ ಬಂತು. ಖುಷಿಯಾಯಿತು. ಆ ಟಿಕ್ ಜೊತೆಗೆ ನನ್ನ ಪ್ರೊಫೈಲ್‌ನಲ್ಲಿ ಹೆಸರೂ ಬದಲಾಗಿತ್ತು, ಅದನ್ನು ನಾನು ಗಮನಿಸಲಿಲ್ಲ.

ನಮ್ಮ ಕಡೆ ಹೆಸರು ಹೇಗಿರುತ್ತದೆ ನಿಮಗೆ ಗೊತ್ತು. ನನ್ನ ಹೆಸರಿನ ಹಿಂದೆ K R ಇದೆ. K ಅಂದರೆ ಕಡೂರು, ನಮ್ಮ ಊರು. R ಅಂದರೆ ಅಪ್ಪನ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಎಲ್ಲಾ ಕಡೆ ಹೆಸರು, ಆಮೇಲೆ K R. ಆದರೆ ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲ, ಬಿಡಿಸಿಯೇ ಬರೆಯಬೇಕು. ಹಾಗಾಗಿ ನನ್ನ ಪ್ಯಾನ್‌ನಲ್ಲಿ ಊರು, ಅಪ್ಪನ ಹೆಸರು, ಕೊನೆಗೆ ನನ್ನ ಹೆಸರು ಅಂತ ಮೂರು ಪದ ಇವೆ. ಮೊದಲು ಪ್ರೊಫೈಲ್‌ನಲ್ಲಿ ನಾನೇ ಟೈಪ್ ಮಾಡಿದ್ದ ಹೆಸರು ಪಾಸ್‌ಬುಕ್‌ನ ಹಾಗೇ ಇತ್ತು. ಪರಿಶೀಲನೆ ಆದ ಮೇಲೆ ಪ್ಯಾನ್‌ನ ಮೂರು ಪದ ಬಂದು ಕೂತವು, ನಾನು ಬದಲಿಸಲಾಗದ ಹಾಗೆ ಬೀಗವೂ ಬಿತ್ತು. ಗುರುತಿನ ಪರೀಕ್ಷೆ ಪಾಸಾಗಿದ್ದೇ ದುಡ್ಡು ನಿಲ್ಲಲು ಕಾರಣವಾಯಿತು. ಇದು ನನಗೆ ಅರ್ಥವಾಗಲು ಎರಡು ವಾರ ಬೇಕಾಯಿತು.

ಜೂನ್ 7ಕ್ಕೆ ದುಡ್ಡು ತೆಗೆಯಲು ಒತ್ತಿದೆ. ಮೂರು ದಿನ ಬಿಟ್ಟು ವಾಪಸ್ ಬಂತು. ಪರದೆಯ ಮೇಲೆ ಇದ್ದದ್ದು ಒಂದೇ ಸಾಲು, ಬ್ಯಾಂಕ್ ವಿವರ ಸರಿಯಿಲ್ಲ ಅಂತ. ಶುಲ್ಕದ 2 ಡಾಲರ್ ವಾಪಸ್ ಬರಲಿಲ್ಲ. ಸಹಾಯ ವಿಭಾಗಕ್ಕೆ ಬರೆದರೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಮತ್ತೆ ನೋಡಿ ಅಂದರು. ಪಾಸ್‌ಬುಕ್ ಮುಂದಿಟ್ಟುಕೊಂಡು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿದೆ. ಐಎಫ್‌ಎಸ್‌ಸಿಯಲ್ಲಿ ಹನ್ನೊಂದು ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷ್ ಓ ಅಕ್ಷರ ಹಾಕಿದರೆ ತಪ್ಪಾಗುತ್ತದೆ. ನನ್ನದು ಸರಿಯಾಗಿಯೇ ಇತ್ತು. ಖಾತೆ ಅಳಿಸಿ ಮತ್ತೆ ಸೇರಿಸಿದೆ. ಮತ್ತೆ ವಾಪಸ್. ಮೂರನೇ ಸಲವೂ ಅದೇ ಕಥೆ. ಆರು ಡಾಲರ್ ಹೋಯಿತು. ಫೀಸಿಗೆ ಕೊನೆಯ ದಿನ ಬಂತು. ಅಕ್ಕನ ಹತ್ತಿರ ಕೈ ಚಾಚಿದೆ. ಅಕ್ಕ ಏನೂ ಕೇಳದೆ ಕೊಟ್ಟಳು, ಆದರೆ ನನ್ನದೇ ದುಡಿಮೆಯ ದುಡ್ಡು ಕಣ್ಣೆದುರಿಗೆ ಇಟ್ಟುಕೊಂಡು ಸಾಲ ಕೇಳಿದ್ದು ನನಗೆ ಇವತ್ತಿಗೂ ನೋವು.

ಸುಳಿವು ಸಿಕ್ಕಿದ್ದು ಬ್ಯಾಂಕಿನಲ್ಲಿ. ಜೂನ್ 24ಕ್ಕೆ ಸ್ಟೇಟ್‌ಮೆಂಟ್ ತೆಗೆಸಿಕೊಂಡು ಕೌಂಟರ್‌ನಲ್ಲಿ ತೋರಿಸಿದೆ. ಅಲ್ಲಿದ್ದ ಅಧಿಕಾರಿ ಮೂರು ಸಾಲಿಗೆ ಪೆನ್ನಿನಲ್ಲಿ ಗುರುತು ಹಾಕಿದರು. ಮೂರೂ ಕಡೆ ಒಂದೊಂದು ರೂಪಾಯಿ ಜಮೆ.

"ಮೇಡಂ, ಈ ಒಂದು ರೂಪಾಯಿ ಯಾವುದು ಗೊತ್ತಾ?" ಅಂದರು.

"ಇಲ್ಲ ಸರ್, ಮೆಸೇಜ್ ಬಂದಿತ್ತು, ನಾನು ಸುಮ್ನೆ ಬಿಟ್ಟೆ."

"ನಿಮ್ಮ ಖಾತೆ ಇದೆಯಾ ಅಂತ ನೋಡೋಕೆ ಕಳಿಸ್ತಾರೆ. ಒಂದು ರೂಪಾಯಿ ಬಂದಿದೆ ಅಂದರೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಎರಡೂ ಸರಿ ಇದೆ ಅಂತ. ಜೊತೆಗೆ ನಮ್ಮ ಕಡೆಯಿಂದ ಖಾತೆದಾರರ ಹೆಸರು ಅವರಿಗೆ ಹೋಗುತ್ತೆ. ಹೆಸರು ನೋಡಿಕೊಳ್ಳಿ."

ಇದಕ್ಕೆ ಪೆನ್ನಿ ಡ್ರಾಪ್ ಅನ್ನುತ್ತಾರೆ. ವಿದೇಶದ ತಾಣ ನೇರವಾಗಿ ನಮ್ಮ ಖಾತೆಗೆ ಹಾಕುವುದಿಲ್ಲ. ಇಲ್ಲಿನ ಒಂದು ಪಾವತಿ ಸಂಸ್ಥೆ ಅವರ ಪರವಾಗಿ ರೂಪಾಯಿಯಲ್ಲಿ ಹಾಕುತ್ತದೆ. ಅವರು ಮೊದಲು ಒಂದು ರೂಪಾಯಿ ಕಳಿಸಿ, ಬ್ಯಾಂಕಿನಿಂದ ಬಂದ ಹೆಸರನ್ನು ಪ್ರೊಫೈಲ್‌ನ ಹೆಸರಿನ ಪಕ್ಕಕ್ಕಿಟ್ಟು ನೋಡುತ್ತಾರೆ. ನನ್ನದರಲ್ಲಿ ಮೂರು ಪದಗಳಲ್ಲಿ ಒಂದು ಮಾತ್ರ ಹೊಂದುತ್ತಿತ್ತು. ಪ್ರತಿ ಸಲವೂ ಒಂದು ರೂಪಾಯಿ ಬರುತ್ತಿತ್ತು, ಹೆಸರು ಹೊಂದದೆ ದೊಡ್ಡ ಮೊತ್ತ ಹಿಂದಕ್ಕೆ ಹೋಗುತ್ತಿತ್ತು. ಪರದೆಯ ಮೇಲೆ "ಹೆಸರು ಹೊಂದುತ್ತಿಲ್ಲ" ಅಂತ ಎರಡು ಪದ ಹಾಕಿದ್ದರೆ ನನಗೆ ಎರಡು ವಾರ ಉಳಿಯುತ್ತಿತ್ತು. ಎರಡು ಸ್ಟಾರ್ ಕಡಿಮೆ ಮಾಡಿದ್ದು ಈ ಒಂದು ಕಾರಣಕ್ಕೆ.

ನಿಮಗೂ ಹೀಗಾದರೆ ಮೊದಲು ಸ್ಟೇಟ್‌ಮೆಂಟ್‌ನಲ್ಲಿ ಆ ಒಂದು ರೂಪಾಯಿ ಹುಡುಕಿ. ಅದು ಬಂದಿಲ್ಲದಿದ್ದರೆ ಖಾತೆ ಸಂಖ್ಯೆ ಅಥವಾ ಐಎಫ್‌ಎಸ್‌ಸಿ ತಪ್ಪಿರಬಹುದು. ವಿಲೀನವಾದ ಬ್ಯಾಂಕಿನ ಹಳೆಯ ಕೋಡ್ ಹಾಕಿದ್ದರೂ ಹಾಗಾಗುತ್ತದೆ. ಬಂದಿದ್ದೂ ದುಡ್ಡು ವಾಪಸ್ ಹೋದರೆ ಹೆಸರಿನ ಮೇಲೆಯೇ ಮೊದಲ ಅನುಮಾನ ಇಡಿ.

ಸರಿ, ಬ್ಯಾಂಕಿನಲ್ಲೇ ಹೆಸರು ಬಿಡಿಸಿ ಬರೆಸೋಣ ಅಂದುಕೊಂಡೆ. ಪ್ಯಾನ್ ತೋರಿಸಿದೆ. ಪ್ಯಾನ್ ಒಂದೇ ಸಾಕಾಗಲ್ಲ ಅಂದರು. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಲ್ಲಿ ಗುರುತಿಗೆ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ ಇಂಥವು ನಡೆಯುತ್ತವೆ, ಆ ಪಟ್ಟಿಯಲ್ಲಿ ಪ್ಯಾನ್ ಇಲ್ಲ. ನನ್ನ ಆಧಾರ್‌ನಲ್ಲೂ K R. ಹಾಗಾಗಿ ಮೊದಲು ಆಧಾರ್, ಆಮೇಲೆ ಬ್ಯಾಂಕ್, ಕೊನೆಗೆ ತಾಣ.

ಆಧಾರ್ ಕೇಂದ್ರದಲ್ಲಿ ಮಾತ್ರ ಹೆಸರಿಗೆ ಪ್ಯಾನ್ ದಾಖಲೆ ನಡೆಯಿತು. 50 ರೂಪಾಯಿ ಕಟ್ಟಿದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಅದಕ್ಕೇ ಅಲ್ಲಿ ಅವಸರ ಮಾಡಬೇಡಿ. ಆಪರೇಟರ್ ಟೈಪ್ ಮಾಡಿದ ಮೇಲೆ ಪರದೆ ನಮ್ಮ ಕಡೆ ತಿರುಗಿಸುತ್ತಾರೆ. ಇಂಗ್ಲಿಷ್ ಹೆಸರು ನೋಡಿ ತಲೆ ಆಡಿಸಿಬಿಡಬೇಡಿ, ಕೆಳಗೆ ಕನ್ನಡದಲ್ಲೂ ಇರುತ್ತದೆ. ನನ್ನ ಅಪ್ಪನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು, ಅಲ್ಲೇ ಸರಿ ಮಾಡಿಸಿದೆ. ಪದಗಳ ಕ್ರಮವೂ ಪ್ಯಾನ್‌ನ ಹಾಗೆಯೇ ಇರಲಿ ಅಂತ ಕೇಳಿದೆ.

ಕ್ರಮದ ವಿಷಯದಲ್ಲಿ ಒಂದು ಮಾತು. ತಾಣದ ಫಾರ್ಮ್‌ನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಅಂತ ಕೇಳುತ್ತಾರಲ್ಲ, ನಮ್ಮಂಥವರಿಗೆ ಅಲ್ಲೇ ಗೊಂದಲ. ಪ್ಯಾನ್ ಸಂಖ್ಯೆಯ ಐದನೆಯ ಅಕ್ಷರ ನೋಡಿ. ಅದು ತೆರಿಗೆ ಇಲಾಖೆಯ ದಾಖಲೆಯಲ್ಲಿ ನಿಮ್ಮ ಸರ್‌ನೇಮ್‌ನ ಮೊದಲ ಅಕ್ಷರ. ನನ್ನದರಲ್ಲಿ ಅದು K. ಅಂದರೆ ಇಲಾಖೆಯ ಪ್ರಕಾರ ನನ್ನ ಸರ್‌ನೇಮ್ ಕಡೂರು. ತಾಣದಲ್ಲೂ ಕೊನೆಯ ಹೆಸರಿನ ಜಾಗದಲ್ಲಿ ಅದೇ ಇತ್ತು.

ಆಧಾರ್ ಬದಲಾಗಿ ಬಂದದ್ದು ಜುಲೈ 9ಕ್ಕೆ. ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು, 16ಕ್ಕೆ ಪಾಸ್‌ಬುಕ್ ಹೊಸ ಹೆಸರಿನಲ್ಲಿ ಪ್ರಿಂಟ್ ಆಯಿತು. 18ಕ್ಕೆ ತಾಣದಲ್ಲಿ ಖಾತೆ ಮತ್ತೆ ಸೇರಿಸಿದೆ. ನಾಲ್ಕನೇ ಒಂದು ರೂಪಾಯಿ ಬಂತು. ಹೊಸ ಖಾತೆ ಸೇರಿಸಿದರೆ ಮೂರು ದಿನ ಕಾಯಬೇಕು ಅನ್ನುವುದು ಅವರ ನಿಯಮ, ಕಾದೆ. 22ಕ್ಕೆ ಒತ್ತಿದೆ. 24ರ ಬೆಳಿಗ್ಗೆ, ಕಾಫಿ ಹೊತ್ತಿಗೆ ಮೆಸೇಜ್ ಬಂತು. ಆ ಹೊತ್ತಿಗೆ ಬಾಕಿ 586 ಡಾಲರ್ ಆಗಿತ್ತು. ಶುಲ್ಕ ಹೋಗಿ 584, ಡಾಲರ್‌ಗೆ 82.20 ರೂಪಾಯಿಯಂತೆ 48,004.80 ರೂಪಾಯಿ. ಅವತ್ತು ಪೇಟೆಯ ದರ 83.70ರ ಹತ್ತಿರ ಇತ್ತು, ಅಂದರೆ 870 ರೂಪಾಯಿಯಷ್ಟು ದರದಲ್ಲೇ ಕಡಿಮೆ ಸಿಕ್ಕಿತು. ಶುಲ್ಕ 2 ಡಾಲರ್ ಮಾತ್ರ ಅಂತ ನಾನು ಮೂರು ವರ್ಷ ನಂಬಿದ್ದೆ. ದೊಡ್ಡ ಖರ್ಚು ಈ ದರದಲ್ಲಿ ಇದೆ, ನೋಡಿಕೊಳ್ಳಿ. ವೈರ್ ಮೂಲಕ ತೆಗೆದರೆ 30 ಡಾಲರ್ ಕಟ್ ಆಗುತ್ತದೆ. ನನ್ನ ಮೊತ್ತಕ್ಕೆ ಅದು ಗಿಟ್ಟುವುದಿಲ್ಲ.

ಒಂದು ಒಳ್ಳೆಯ ವಿಷಯವನ್ನೂ ಹೇಳಲೇಬೇಕು. ಸಹಾಯ ವಿಭಾಗದಲ್ಲಿ ಕೊನೆಗೆ ಸಿಕ್ಕ ಒಬ್ಬರು, ಬ್ಯಾಂಕಿನಿಂದ ತಮಗೆ ಬಂದ ಹೆಸರನ್ನು ಇದ್ದ ಹಾಗೇ ನಕಲು ಮಾಡಿ ಕಳಿಸಿದರು. ನನ್ನ ಹೆಸರು, ಖಾಲಿ ಜಾಗ, K, ಖಾಲಿ ಜಾಗ, R. ಬ್ಯಾಂಕ್ ಅಧಿಕಾರಿ ಹೇಳಿದ್ದು ಸರಿ ಅಂತ ಅದರಿಂದ ಖಚಿತವಾಯಿತು. ಹೋಗಿದ್ದ 6 ಡಾಲರನ್ನೂ ಅವರೇ ವಾಪಸ್ ಹಾಕಿಸಿದರು. ಬರೆಯುವಾಗ "ಬ್ಯಾಂಕಿನಿಂದ ನಿಮಗೆ ಬಂದ ಹೆಸರು ಯಾವುದು, ಹಾಗೇ ಕಳಿಸಿ" ಅಂತಲೇ ಕೇಳಿ. "ದುಡ್ಡು ಯಾಕೆ ಬಂದಿಲ್ಲ" ಅಂತ ಕೇಳಿದಾಗ ನನಗೆ ಬಂದದ್ದೆಲ್ಲ ಅದೇ ಸಿದ್ಧ ಉತ್ತರ.

ತಾಣ ಬಿಟ್ಟಿಲ್ಲ. ಗಿರಾಕಿಗಳು ಅಲ್ಲಿದ್ದಾರೆ, ಕೆಲಸ ಚೆನ್ನಾಗಿದೆ. ಆದರೆ ಕೂಡಿಡುವುದು ನಿಲ್ಲಿಸಿದ್ದೇನೆ. 50 ದಾಟಿದ ವಾರವೇ ತೆಗೆಯುತ್ತೇನೆ. ತಿಂಗಳಿಗೆ ಆರು, ಎಂಟು ಡಾಲರ್ ಶುಲ್ಕ ಹೋಗುತ್ತದೆ, ಹೋಗಲಿ. ಈ ಸೋಮವಾರ 61 ಡಾಲರ್‌ಗೆ ಒತ್ತಿದ್ದೆ, ಬುಧವಾರ ಬಂತು.