ನಿಮ್ಮ ಪ್ರಯೋಗ ಮುಗಿದರೂ ಗಾಗಲ್ಸ್ ತೆಗೆಯಬೇಡಿ

ನಾನು ರಸಾಯನಶಾಸ್ತ್ರದ ಮೇಷ್ಟ್ರು. ಹೊಸ ಬ್ಯಾಚ್ ಲ್ಯಾಬಿಗೆ ಬಂದ ಮೊದಲ ದಿನ ನಾನು ಪ್ರಯೋಗ ಮಾಡಿಸುವುದಿಲ್ಲ. ಓದುವಾಗ ನಾನೇ ಮಾಡಿದ ಒಂದು ತಪ್ಪಿನ ಕಥೆ ಹೇಳುತ್ತೇನೆ. ಈ ಸಲ ಹೇಳಿದ್ದನ್ನು ಹೆಚ್ಚು ಕಡಿಮೆ ಹಾಗೇ ಇಲ್ಲಿ ಬರೆದಿದ್ದೇನೆ. ಲ್ಯಾಬಿನಲ್ಲಿ ಕೆಲಸ ಮಾಡುವ ಯಾರಾದರೂ ಓದಿ, ನಾನು ಮಾಡಿದ್ದನ್ನು ಮಾಡದೇ ಇದ್ದರೆ ಸಾಕು.

ಬನ್ನಿ, ಹತ್ತಿರ ಬನ್ನಿ. ಹಿಂದೆ ನಿಂತವರಿಗೂ ಕೇಳಿಸಬೇಕು.

ಸಾಲ್ಟ್ ಅನಾಲಿಸಿಸ್ ಅಂತ ಒಂದು ಪ್ರಯೋಗ ಇದೆ. ನಿಮಗೊಂದು ಬಿಳಿ ಪುಡಿ ಕೊಡುತ್ತೇವೆ, ಅದರಲ್ಲಿ ಏನಿದೆ ಅಂತ ನೀವು ಕಂಡುಹಿಡಿಯಬೇಕು. ಅದರೊಳಗೆ ಅಮೋನಿಯಂ ಇದೆಯೋ ಇಲ್ಲವೋ ತಿಳಿಯುವುದು ಬಹಳ ಸುಲಭ. ಪುಡಿಗೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಬಿಸಿ ಮಾಡಬೇಕು. ಅಮೋನಿಯಾ ಹೊರಗೆ ಬರುತ್ತದೆ. ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಟೆಸ್ಟ್ ಟ್ಯೂಬಿನ ಬಾಯಿ ಹತ್ತಿರ ಹಿಡಿದರೆ ನೀಲಿಯಾಗುತ್ತದೆ. ಅಷ್ಟೇ. ಎರಡು ನಿಮಿಷದ ಕೆಲಸ.

ಆ ಎರಡು ನಿಮಿಷದ ಕೆಲಸದಲ್ಲಿ ನನ್ನ ಗೆಳತಿಯ ಕಣ್ಣಿಗೆ ಪೆಟ್ಟಾಯಿತು. ಬರ್ನರ್ ಮುಂದೆ ನಿಂತಿದ್ದವನು ನಾನು.

ಅವತ್ತು ನನಗೆ ಆತುರ. ಮೊದಲು ಸ್ವಲ್ಪ ದ್ರಾವಣ ಹಾಕಿ ನೋಡಿದೆ, ಕಾಗದದ ಬಣ್ಣ ಸರಿಯಾಗಿ ಬದಲಾಗಲಿಲ್ಲ. ಜಾಸ್ತಿ ಹಾಕಿದರೆ ಜಾಸ್ತಿ ಅಮೋನಿಯಾ ಬರುತ್ತೆ ಅಂದುಕೊಂಡೆ. ಇನ್ನಷ್ಟು ಪುಡಿ, ಇನ್ನಷ್ಟು ದ್ರಾವಣ. ಟ್ಯೂಬು ಅರ್ಧಕ್ಕಿಂತ ಮೇಲೆ ತುಂಬಿತು. ಅದು ಶೇಕಡಾ 10ರ ದ್ರಾವಣ, ಅಂದರೆ 100 ಮಿಲಿಗೆ 10 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್. ಬಾಟಲಿ ಮೇಲೆ 'ದುರ್ಬಲ' ಅಂತ ಬರೆದಿರಲಿಲ್ಲ, ಆದರೂ ನಾವೆಲ್ಲ ಅದನ್ನು ನೀರಿನ ಹಾಗೇ ಬಳಸುತ್ತಿದ್ದೆವು. ಟ್ಯೂಬಿನ ತಳವನ್ನು ಉರಿಯ ಮೇಲೆ ಅಲ್ಲಾಡಿಸದೆ ಹಿಡಿದೆ. ಕಣ್ಣೆಲ್ಲ ಲಿಟ್ಮಸ್ ಕಾಗದದ ಮೇಲೆ. ಟ್ಯೂಬಿನ ಬಾಯಿ ನನ್ನ ಮುಖದ ಕಡೆ ಇರಬಾರದು ಅಂತ ಮೇಷ್ಟ್ರು ಹೇಳಿದ್ದು ನೆನಪಿತ್ತು. ಅದಕ್ಕೆ ಪಕ್ಕಕ್ಕೆ ತಿರುಗಿಸಿದ್ದೆ. ಪಕ್ಕದಲ್ಲಿ ಯಾರಿದ್ದಾರೆ ಅಂತ ಮಾತ್ರ ನೋಡಲಿಲ್ಲ.

ಪಕ್ಕದಲ್ಲಿ ಅವಳು ಕೂತಿದ್ದಳು. ಅವಳ ಪ್ರಯೋಗ ಮುಗಿದಿತ್ತು. ಟ್ಯೂಬು ತೊಳೆದಿಟ್ಟು, ಗಾಗಲ್ಸ್ ತೆಗೆದು, ರೆಕಾರ್ಡ್ ಪುಸ್ತಕ ಬರೆಯುತ್ತಿದ್ದಳು. ಗಾಗಲ್ಸ್ ಅವಳ ಪೆನ್ ಬಾಕ್ಸ್ ಪಕ್ಕದಲ್ಲೇ ಇತ್ತು.

'ಟಪ್' ಅಂತ ಒಂದು ಸದ್ದು. ನನ್ನ ಟ್ಯೂಬು ಮುಕ್ಕಾಲು ಖಾಲಿ. ಬಿಸಿ ಕ್ಷಾರ ಅವಳ ಪುಸ್ತಕದ ಮೇಲೆ, ಕೆನ್ನೆ ಮೇಲೆ, ಬಲಗಣ್ಣಿನೊಳಗೆ.

ಟ್ಯೂಬು ಒಡೆದಿರಲಿಲ್ಲ. ಸ್ಫೋಟವೂ ಅಲ್ಲ. ಇದಕ್ಕೆ ಬಂಪಿಂಗ್ ಅನ್ನುತ್ತಾರೆ. ದ್ರವ ಒಮ್ಮೆಗೇ ಉಕ್ಕಿ ಹೊರಗೆ ಹಾರುವುದು. ತಳವನ್ನೇ ಒಂದೇ ಸಮ ಕಾಯಿಸಿದರೆ ಅಲ್ಲಿನ ದ್ರವ ಕುದಿಯುವ ಬಿಂದುವನ್ನು ದಾಟಿ ಬಿಸಿಯಾಗುತ್ತದೆ, ಆದರೂ ಗುಳ್ಳೆ ಏಳುವುದಿಲ್ಲ. ನಯವಾದ ಗಾಜಿನಲ್ಲಿ ಗುಳ್ಳೆ ಹುಟ್ಟಲು ಸುಲಭವಾಗಿ ಜಾಗ ಸಿಗುವುದಿಲ್ಲ. ಮೇಲೆ ಇನ್ನೂ ತಣ್ಣಗಿನ ದ್ರವ, ತಳದಲ್ಲಿ ಕರಗದ ಪುಡಿ. ಆಮೇಲೆ ಒಂದು ಗುಳ್ಳೆ ಹುಟ್ಟಿದ ತಕ್ಷಣ ಅಲ್ಲಿ ಕೂಡಿದ್ದ ಬಿಸಿಯೆಲ್ಲ ಒಟ್ಟಿಗೆ ಆವಿಯಾಗಿ ನುಗ್ಗುತ್ತದೆ. 1 ಮಿಲಿ ನೀರು ಪೂರ್ತಿ ಆವಿಯಾದರೆ ಸುಮಾರು 1,700 ಮಿಲಿ ಜಾಗ ಬೇಕು. ಅರ್ಧ ಹನಿ ನೀರು ಆವಿಯಾದರೂ 40 ಮಿಲಿ ಆಗುತ್ತದೆ. ನಿಮ್ಮ ಕೈಯಲ್ಲಿರುವ ಟ್ಯೂಬು ಇಡೀ ತುಂಬಿದರೂ ಅಷ್ಟು ಹಿಡಿಯುವುದಿಲ್ಲ. ಮೇಲಿರುವ ದ್ರವ ಹಾರಿ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಇದಕ್ಕೆ ಮುನ್ಸೂಚನೆ ಇರುತ್ತದಾ? ಸ್ವಲ್ಪ ಇರುತ್ತದೆ. ಕುದಿಯಬೇಕಾದ ದ್ರವ ಕುದಿಯದೆ ಸುಮ್ಮನಿರುತ್ತದೆ. ಹೋಲ್ಡರ್ ಹಿಡಿದ ಕೈಗೆ ಸಣ್ಣಗೆ ಕುಟ್ಟಿದ ಹಾಗೆ ಅನಿಸುತ್ತದೆ. ನನಗೂ ಅವತ್ತು ಹಾಗೆ ಅನಿಸಿತ್ತು. ಇನ್ನೇನು ಕುದಿಯುತ್ತೆ ಅಂದುಕೊಂಡು ಹಿಡಿದೇ ಇದ್ದೆ. ಆಗ ಉರಿಯಿಂದ ಈಚೆಗೆ ತೆಗೆಯಬೇಕಿತ್ತು.

ಆದರೆ ಅವತ್ತು ದೊಡ್ಡ ತಪ್ಪುಗಳಾಗಿದ್ದು ಅದಾದ ಮೇಲೆ.

ಅವಳು ಕಣ್ಣು ಮುಚ್ಚಿಕೊಂಡು ನಿಂತಳು. ಹತ್ತು ಜನ ಸುತ್ತ ಸೇರಿದೆವು. ಒಬ್ಬ 'ಕ್ಷಾರಕ್ಕೆ ಆಮ್ಲ ಹಾಕಬೇಕು, ಬೋರಿಕ್ ಆಮ್ಲ ಎಲ್ಲಿದೆ' ಅಂತ ಕಪಾಟು ಹುಡುಕತೊಡಗಿದ. ಪುಸ್ತಕದಲ್ಲಿ ಓದಿದ ತಟಸ್ಥೀಕರಣ ತಲೆಯಲ್ಲಿತ್ತು, ನಾನೂ ಅವನ ಜೊತೆ ಹುಡುಕಿದೆ. ನೋಡಿ, ಸಿಂಕ್ ಇದ್ದಿದ್ದು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ. ನಾವು ಒಂದೂವರೆ ಎರಡು ನಿಮಿಷ ಕಪಾಟಿನಲ್ಲಿ ಕಳೆದೆವು. ಆ ಬಾಟಲಿ ಸಿಕ್ಕಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಆಮ್ಲ, ಕ್ಷಾರ ಸೇರಿದಾಗ ಬಿಸಿ ಹುಟ್ಟುತ್ತದೆ. ಎಷ್ಟು ಹಾಕಬೇಕು ಅಂತ ಕಣ್ಣೊಳಗೆ ಅಳೆಯೋಕೆ ಆಗುತ್ತಾ? ಕಣ್ಣಿಗೆ ಏನೇ ಬಿದ್ದರೂ ನೀರು ಮಾತ್ರ.

ಕೊನೆಗೆ ಅವಳೇ ತಡವರಿಸಿಕೊಂಡು ಸಿಂಕಿಗೆ ಹೋಗಿ ಬೊಗಸೆಯಲ್ಲಿ ನೀರು ಎರಚಿಕೊಂಡಳು. ಎರಡು ಮೂರು ನಿಮಿಷ ಆದ ಮೇಲೆ 'ಈಗ ಪರವಾಗಿಲ್ಲ, ಉರಿ ಕಡಿಮೆ ಆಯ್ತು' ಅಂದಳು. ನನಗೆ ಹೋದ ಜೀವ ಬಂದಂತಾಯಿತು. ಎಲ್ಲ ಸರಿಹೋಯಿತು ಅಂದುಕೊಂಡೆವು.

ಅಷ್ಟರಲ್ಲಿ ಲ್ಯಾಬ್ ಅಟೆಂಡರ್ ಬಂದರು. ಅವರು ಕೇಳಿದ್ದು ಒಂದೇ ಮಾತು, 'ಬಿದ್ದಿದ್ದು ಏನು?' ಹೇಳಿದೆ. ಬೇರೆ ಮಾತಾಡಲಿಲ್ಲ. ಅವಳನ್ನು ಮತ್ತೆ ಸಿಂಕಿಗೆ ಕರೆದೊಯ್ದು ತಲೆ ಬಗ್ಗಿಸಿ, ಬಲಗಣ್ಣು ಕೆಳಗೆ ಬರುವ ಹಾಗೆ ತಿರುಗಿಸಿದರು. ತೊಳೆದ ನೀರು ಇನ್ನೊಂದು ಕಣ್ಣಿಗೆ ಹೋಗಬಾರದಲ್ವಾ, ಅದಕ್ಕೆ. ರಬ್ಬರ್ ಕೊಳವೆಯಿಂದ ಸಣ್ಣಗೆ ನೀರು ಬಿಟ್ಟು, ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ ಹಿಡಿದುಕೊಂಡರು. ಅವಳು ಸಾಕು ಸಾಕು ಅಂದರೂ ಬಿಡಲಿಲ್ಲ. 'ಕಣ್ಣುಗುಡ್ಡೆ ಎಲ್ಲಾ ಕಡೆ ತಿರುಗಿಸಮ್ಮ' ಅನ್ನುತ್ತಲೇ ಇದ್ದರು. ನನಗೆ ಗಡಿಯಾರ ನೋಡೋಕೆ ಹೇಳಿದರು. ಇಪ್ಪತ್ತು ನಿಮಿಷ.

ಉರಿ ಕಡಿಮೆಯಾಗಿದ್ದರೂ ಯಾಕೆ ತೊಳೆಯಬೇಕು? ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಈ ದ್ರಾವಣ ಬೆರಳಿಗೆ ತಾಗಿದರೆ ಜಾರುತ್ತದೆ, ಸಾಬೂನಿನ ಹಾಗೆ. ಸಾಬೂನಿನ ಹಾಗೆ ಏನು, ಅದು ಸಾಬೂನೇ. ನಿಮ್ಮ ಚರ್ಮದ ಕೊಬ್ಬಿನ ಜೊತೆ ಕ್ಷಾರ ಸೇರಿ ಆಗುತ್ತಿರುವ ಸಾಬೂನು. ಕಣ್ಣಿನಲ್ಲೂ ಅದೇ ಕೆಲಸ ನಡೆಯುತ್ತದೆ. ಜೀವಕೋಶಗಳ ಪೊರೆ ಕೊಬ್ಬಿನಿಂದ ಆಗಿದೆ. ಕ್ಷಾರ ಅದನ್ನು ಕರಗಿಸಿ ಮುಂದಿನ ಪದರಕ್ಕೆ ಹೋಗುತ್ತದೆ, ಅಲ್ಲಿಂದ ಇನ್ನೂ ಒಳಗೆ. ಸಾಮಾನ್ಯವಾಗಿ ಆಮ್ಲ ಬಿದ್ದರೆ ಮೇಲಿನ ಪ್ರೋಟೀನ್ ಹೆಪ್ಪುಗಟ್ಟಿ ಒಂದು ತಡೆಯಾದರೂ ಆಗುತ್ತದೆ. ಆಮ್ಲ ವಾಸಿ ಅಂತ ಅಲ್ಲ. ಹೈಡ್ರೋಫ್ಲೋರಿಕ್ ಆಮ್ಲವಂತೂ ಈ ಲೆಕ್ಕಕ್ಕೇ ಬರುವುದಿಲ್ಲ, ಅದು ಆಳಕ್ಕೆ ಇಳಿಯುತ್ತದೆ. ಆದರೆ ಕ್ಷಾರಕ್ಕೆ ಆ ತಡೆ ಎದುರಾಗುವುದೇ ಇಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ, ಸುಮಾರು ಅರ್ಧ ಮಿಲಿಮೀಟರ್ ದಪ್ಪ ಅಷ್ಟೇ. ಮೇಲೆ ತೊಳೆದುಹೋದರೂ ಒಳಗೆ ಇಳಿದದ್ದು ಕೆಲಸ ಮಾಡುತ್ತಲೇ ಇರುತ್ತದೆ. ನೋವು ಎಷ್ಟಿದೆ ಅನ್ನುವುದರ ಮೇಲೆ ಪೆಟ್ಟನ್ನು ಅಳೆಯೋಕೆ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಮಾಡಿದ್ದು ನಮ್ಮ ಲ್ಯಾಬಿನದೇ ಕೆಲಸ. ಕೆಳರೆಪ್ಪೆಯ ಒಳಗೆ ಪಿಎಚ್ ಕಾಗದದ ತುಂಡು ತಾಗಿಸಿದರು. ಕಣ್ಣೀರಿನ ಪಿಎಚ್ 7ರ ಆಸುಪಾಸಿನಲ್ಲಿ ಇರಬೇಕು. ಇಪ್ಪತ್ತು ನಿಮಿಷ ತೊಳೆದಿದ್ದರೂ ಕಾಗದ ನೀಲಿ ಕಡೆಗೇ ತಿರುಗಿತು. ಸಲೈನ್ ಹಾಕಿ ಮತ್ತೆ ತೊಳೆದರು. ಮೇಲ್ರೆಪ್ಪೆ ಮಗುಚಿ ಒಳಗೆ ಒರೆಸಿದರು, ಪುಡಿಯ ಕಣ ಅಲ್ಲಿ ಸಿಕ್ಕಿಕೊಂಡಿರಬಹುದು ಅಂತ. ಕಾಗದದ ಬಣ್ಣ ಸರಿಹೋದ ಮೇಲೂ ಸ್ವಲ್ಪ ಹೊತ್ತು ಕಾದು ಮತ್ತೊಮ್ಮೆ ನೋಡಿದರು. ಒಳಗಿನ ಕ್ಷಾರ ನಿಧಾನಕ್ಕೆ ಹೊರಗೆ ಬರುತ್ತದಂತೆ.

ಅವಳ ದೃಷ್ಟಿ ಉಳಿಯಿತು. ವಾರಗಟ್ಟಲೆ ಔಷಧಿ, ಬೆಳಕು ಕಂಡರೆ ಕಣ್ಣು ಬಿಡೋಕಾಗದ ದಿನಗಳು. ಕಾರ್ನಿಯಾ ಮೇಲೆ ಸಣ್ಣ ಕಲೆ ಉಳಿದಿದೆ. ರಾತ್ರಿ ಎದುರಿನ ವಾಹನದ ದೀಪ ಆ ಕಣ್ಣಿಗೆ ಹರಡಿಕೊಂಡು ಕಾಣುತ್ತದೆ ಅನ್ನುತ್ತಾಳೆ. ಅವಳು ನನ್ನ ಮೇಲೆ ಯಾವತ್ತೂ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಈಗ ನಮ್ಮ ಲ್ಯಾಬಿನ ವಿಷಯ. ಅಮೋನಿಯಂ ಪರೀಕ್ಷೆಗೆ ಇಲ್ಲಿ ಟ್ಯೂಬನ್ನು ಉರಿಯ ಮೇಲೆ ಹಿಡಿಯುವುದಿಲ್ಲ. ಚಿಟಿಕೆ ಪುಡಿ, 1 ಮಿಲಿ ದ್ರಾವಣ, ಬೀಕರಿನ ಬಿಸಿನೀರಿನಲ್ಲಿ ಟ್ಯೂಬು ನಿಲ್ಲಿಸುವುದು. ಅಷ್ಟಕ್ಕೇ ಅಮೋನಿಯಾ ಬರುತ್ತದೆ. ನನಗೆ ಅವತ್ತು ಮೊದಲ ಸಲ ಬರದಿದ್ದಕ್ಕೆ ಕಾರಣ ದ್ರಾವಣ ಕಡಿಮೆಯಾಗಿದ್ದಲ್ಲ, ಕಾಗದ ಒಣಗಿಹೋಗಿತ್ತು ಅಂತ ಈಗ ಅನಿಸುತ್ತದೆ. ಒಣ ಲಿಟ್ಮಸ್ ಬಣ್ಣ ಬದಲಿಸುವುದಿಲ್ಲ.

ಬೇರೆ ಪ್ರಯೋಗಗಳಲ್ಲಿ ಉರಿ ಬೇಕೇ ಬೇಕಾದರೆ, ಟ್ಯೂಬು ಕಾಲು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಓರೆಯಾಗಿ ಹಿಡಿದು, ದ್ರವದ ಮೇಲ್ಭಾಗದಿಂದ ಕಾಯಿಸಲು ಶುರು ಮಾಡಿ, ಅಲ್ಲಾಡಿಸುತ್ತಲೇ ಇರಿ. ಬಾಯಿ ಗೋಡೆ ಕಡೆ ಇರಲಿ. ಕುಟ್ಟಿದ ಹಾಗೆ ಅನಿಸಿದರೆ ಉರಿಯಿಂದ ತೆಗೆಯಿರಿ.

ಗಾಗಲ್ಸ್ ವಿಷಯದಲ್ಲಿ ನಾನು ಹಠಮಾರಿ. ನಿಮ್ಮ ಪ್ರಯೋಗ ಮುಗಿದಾಗ ತೆಗೆಯುವುದಲ್ಲ. ಕೋಣೆಯ ಕೊನೆಯ ಬರ್ನರ್ ಆರಿ, ಕೊನೆಯ ಟ್ಯೂಬು ತೊಳೆದ ಮೇಲೆ ನಾನೇ ಹೇಳುತ್ತೇನೆ. ಬೇಗ ಮುಗಿಸಿದವರು ರೆಕಾರ್ಡ್ ಬರೆಯಬೇಕಾದರೆ ಪಕ್ಕದ ಕೋಣೆಗೆ ಹೋಗಿ. ನಂಬರ್ ಕನ್ನಡಕ ಹಾಕಿಕೊಂಡವರು ನನಗೆ ಬೇಡ ಅನ್ನಬೇಡಿ, ಅದರ ಪಕ್ಕಗಳು ತೆರೆದೇ ಇರುತ್ತವೆ. ಅವಳಿಗೆ ಬಿದ್ದಿದ್ದೂ ಪಕ್ಕದಿಂದಲೇ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಇವತ್ತೇ ನನಗೆ ತಿಳಿಸಿ. ಏನಾದರೂ ಬಿದ್ದರೆ ಲೆನ್ಸ್ ಹುಡುಕುತ್ತಾ ನಿಲ್ಲುವುದಲ್ಲ, ನೀರು ಬಿಡುತ್ತಲೇ ತೆಗೆಯಬೇಕು.

ಸರಿ, ಇನ್ನೊಂದು ಕೆಲಸ ಇದೆ. ಹೋದ ಬ್ಯಾಚಿನವರಿಗೆ ಕಣ್ಣು ಮುಚ್ಚಿಸಿ, ತೊಳೆದದ್ದು ಸಾಕು ಅನಿಸಿದಾಗ ಕೈ ಎತ್ತಿ ಅಂದಿದ್ದೆ. ಬಹಳ ಜನ ನಾಲ್ಕು ನಿಮಿಷದೊಳಗೆ ಎತ್ತಿದರು. ಬೇಕಾಗಿದ್ದು ಕಡಿಮೆ ಅಂದರೂ ಹದಿನೈದು, ಕ್ಷಾರಕ್ಕೆ ಅದಕ್ಕಿಂತ ಜಾಸ್ತಿ. ಬ್ಯಾಗುಗಳನ್ನು ಹೊರಗಿಟ್ಟು ಬನ್ನಿ. ಕಣ್ಣು ತೊಳೆಯುವ ನಲ್ಲಿ ಆ ಮೂಲೆಯಲ್ಲಿದೆ. ನಿಮ್ಮ ನಿಮ್ಮ ಜಾಗದಿಂದ ಕಣ್ಣು ಮುಚ್ಚಿಕೊಂಡು ಅಲ್ಲಿಗೆ ನಡೆದು ಹೋಗಬೇಕು, ಗೆಳೆಯರು ಕೈ ಹಿಡಿಯಲಿ. ಗಡಿಯಾರ ಯಾರ ಹತ್ರ ಇದೆ? ನೀನು ಬಾಮ್ಮ, ಟೈಮ್ ನೋಡು. ಶುರು ಮಾಡೋಣ.