ಮೆಸೇಜು ವಿಂಗಡಿಸೋಕೆ ಮೂರು ದಾರಿ ಹಿಡಿದು ನೋಡಿದೆ: ನನ್ನ ಓಟು ಲಾಜಿಸ್ಟಿಕ್ ರಿಗ್ರೆಶನ್‌ಗೆ

ದಾವಣಗೆರೆಯಲ್ಲಿ ನಮ್ಮ ಭಾವ ವಾಟರ್ ಪ್ಯೂರಿಫೈಯರ್ ಮಾರ್ತಾರೆ, ರಿಪೇರಿನೂ ಮಾಡಿಸ್ತಾರೆ. ಬೆಳಗಾದ್ರೆ ವಾಟ್ಸಾಪ್‌ನಲ್ಲಿ ರಾಶಿ ಮೆಸೇಜು. ಒಂದೊಂದನ್ನೂ ಓದಿ ಯಾವುದು ಯಾರಿಗೆ ಅಂತ ಕಳಿಸೋದು ಅಕ್ಕನ ಕೆಲಸ. ಅದನ್ನ ಯಂತ್ರಕ್ಕೆ ಹಚ್ಚೋಣ ಅಂತ ನಾನೇ ಮುಂದೆ ಬಿದ್ದು ಹೇಳಿದ್ದು, ಮೂರು ತಿಂಗಳ ದುಡ್ಡು ಮುಂಗಡ ಕಟ್ಟಿ ಒಂದು ಆನ್‌ಲೈನ್ ಸೇವೆ ಕೊಡಿಸಿದ್ದೂ ನಾನೇ. ಆ ದುಡ್ಡು ನೀರಿಗೆ ಹೋಯ್ತು. ಈಗ ಆ ಕೆಲಸ ನಡೀತಿರೋದು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ, ಪೈಸೆ ಖರ್ಚಿಲ್ಲದೆ. ಹಾಗಾಗಿ ಇದು ನಿಷ್ಪಕ್ಷಪಾತ ಹೋಲಿಕೆ ಅಂತೇನೂ ತಿಳೀಬೇಡಿ.

ನಾವು ಮಾಡಿಕೊಂಡ ಗುಂಪು ಆರು: ರಿಪೇರಿ, ಸರ್ವಿಸ್, ದುಡ್ಡಿನ ವಿಚಾರ, ಹೊಸ ಖರೀದಿ, ಇತರೆ (ಗುಡ್ ಮಾರ್ನಿಂಗು, ಹಬ್ಬದ ಶುಭಾಶಯ ಎಲ್ಲ ಇಲ್ಲಿಗೆ), ಆಮೇಲೆ ತುರ್ತು. ತುರ್ತು ಅಂದ್ರೆ ಶಾಕ್ ಹೊಡೆಯೋದು, ಸ್ವಿಚ್‌ಬೋರ್ಡ್ ಹತ್ರ ನೀರು ಸೋರೋದು. ಹಳೇ ಮೆಸೇಜಿನಲ್ಲಿ 1,800ಕ್ಕೆ ನಾನೂ ಅಕ್ಕನೂ ಕೂತು ಕೈಯಾರೆ ಗುಂಪು ಬರೆದ್ವಿ. ಆಮೇಲಿನ ಒಂದು ತಿಂಗಳ 600 ಮೆಸೇಜನ್ನ ಪರೀಕ್ಷೆಗೆ ಅಂತ ಬೇರೆ ಎತ್ತಿಟ್ಟೆ. ಅದರಲ್ಲಿ ರಿಪೇರಿ 250, ತುರ್ತು ಬರೀ 24. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ.

ಸ್ಪರ್ಧೆಗೆ ಇಳಿಸಿದ್ದು ಮೂರನ್ನ. ಒಂದು, ಪದಗಳನ್ನ ಎಣಿಸಿ ಲೆಕ್ಕ ಹಾಕೋ ನೈವ್ ಬೇಯ್ಸ್. ಎರಡು, ಅಕ್ಷರದ ತುಣುಕುಗಳ ಮೇಲೆ ಲಾಜಿಸ್ಟಿಕ್ ರಿಗ್ರೆಶನ್. ಮೂರು, ಆ ದುಡ್ಡಿನ ಸೇವೆ. ಮೊದಲ ಎರಡೂ ಪೈಥಾನ್‌ನ scikit-learn ಲೈಬ್ರರಿ ಒಳಗೇ ಇವೆ. ಗೂಗಲ್‌ನವರ MuRIL ಥರದ ದೊಡ್ಡ ಭಾಷಾ ಮಾದರಿಗೆ ಕೈ ಹಾಕಲಿಲ್ಲ, ನನ್ನ ಲ್ಯಾಪ್‌ಟಾಪಿಗೆ ಜಿಪಿಯು ಇಲ್ಲ.

ಮೊದಲು ನೈವ್ ಬೇಯ್ಸ್. ಪಾಠದಲ್ಲಿ ಎಲ್ಲರೂ ಇದರಿಂದಲೇ ಶುರು ಮಾಡಿಸ್ತಾರೆ, ನಾನೂ ಹಾಗೇ ಮಾಡಿದೆ. 600ರಲ್ಲಿ 402 ಸರಿ, ಅಂದ್ರೆ ನೂರಕ್ಕೆ 67. ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ ‘ರಿಪೇರಿ’ ಅಂದುಬಿಟ್ಟಿದ್ರೂ 250 ಸರಿಯಾಗ್ತಿತ್ತು, ಹಾಗಾಗಿ ತೀರಾ ಕೆಟ್ಟದ್ದೇನಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆದ್ರೆ ತಪ್ಪುಗಳ ಪಟ್ಟಿ ಹಾಕಿ ನೋಡಿದಾಗ ಒಂದು ವಿಚಿತ್ರ ಕಾಣಿಸ್ತು. ಅಡ್ಡಸಾಲಿನಲ್ಲಿ ನಿಜವಾದ ಗುಂಪು, ಕಂಬಸಾಲಿನಲ್ಲಿ ಯಂತ್ರ ಹೇಳಿದ ಗುಂಪು ಇಟ್ಟು ಎಣಿಸಿದರೆ, ರಿಪೇರಿ ಅನ್ನೋ ಕಂಬಸಾಲು ಮಾತ್ರ ಉಬ್ಬಿಕೊಂಡಿತ್ತು. ಉಳಿದ ಐದೂ ಗುಂಪಿನಿಂದ ತಪ್ಪಿಸಿಕೊಂಡ ಮೆಸೇಜೆಲ್ಲ ಅಲ್ಲಿಗೇ ಬಂದು ಬಿದ್ದಿದ್ವು. ತೆರೆದು ಓದಿದ್ರೆ ಬಹುಪಾಲು ಕನ್ನಡ ಲಿಪಿಯಲ್ಲಿ ಬರೆದವು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದೋರ ಮೆಸೇಜು ಎಷ್ಟೋ ವಾಸಿ.

ಎರಡು ರಾತ್ರಿ ಇದಕ್ಕೇ ಹೋಯ್ತು. ಫೋನಿನಿಂದ ಫೈಲ್ ತೆಗೆಯುವಾಗ ಅಕ್ಷರ ಕೆಟ್ಟಿದೆಯಾ ಅಂತ ನೋಡಿದೆ, ಇಲ್ಲ. ಗುಂಪು ಬರೆಯೋದರಲ್ಲಿ ಅಕ್ಕ ಎಡವಿದ್ದಾಳಾ ಅಂತ ಅನುಮಾನಪಟ್ಟೆ, ಬೈಸಿಕೊಂಡೆ. ಕೊನೆಗೆ ಯಂತ್ರ ಯಾವ ಪದಗಳನ್ನ ಕಲಿತಿದೆ ಅಂತ ಅದರ ಪಟ್ಟಿಯನ್ನೇ ಅಚ್ಚು ಹಾಕಿಸಿದೆ. ಅದರಲ್ಲಿ ‘ನೀರು’ ಅನ್ನೋ ಪದವೇ ಇಲ್ಲ! ನೀರಿನ ಯಂತ್ರದ ಅಂಗಡಿಗೆ ಬಂದ 1,800 ಮೆಸೇಜಿನಲ್ಲಿ ನೀರಿಲ್ಲ. ಬದಲಿಗೆ ‘ಟರ’, ‘ಕರ’, ‘ಪಸ’ ಅಂತ ಏನೇನೋ ಚೂರು.

ಕಾರಣ ಇದು. scikit-learn ವಾಕ್ಯವನ್ನ ಪದಗಳಾಗಿ ಕತ್ತರಿಸೋಕೆ ತಾನಾಗಿ ಬಳಸೋ ಸೂತ್ರ `(?u)\b\w\w+\b`. ಎರಡು ಅಥವಾ ಹೆಚ್ಚು ‘ಅಕ್ಷರ’ ಒಟ್ಟಿಗೆ ಸಿಕ್ಕರೆ ಅದು ಪದ ಅಂತ ಅರ್ಥ. ತೊಂದರೆ ಏನಂದ್ರೆ ಪೈಥಾನ್‌ನ `\w` ನಮ್ಮ ಗುಣಿತದ ಚಿಹ್ನೆಗಳನ್ನ, ಅರ್ಧಾಕ್ಷರದ ವಿರಾಮವನ್ನ, ಅನುಸ್ವಾರವನ್ನ ಅಕ್ಷರ ಅಂತ ಒಪ್ಪೋದಿಲ್ಲ. ಇಳಿ, ಕೊಂಬು, ಒತ್ತು ಬಂದಲ್ಲೆಲ್ಲ ಪದ ತುಂಡಾಗುತ್ತೆ. ‘ನೀರು’ ಅನ್ನೋದರಲ್ಲಿ ‘ನ’ ಒಂಟಿ, ‘ರ’ ಒಂಟಿ. ಒಂಟಿ ಅಕ್ಷರ ಪದವಲ್ಲ ಅಂತ ಎರಡನ್ನೂ ಎಸೆದುಬಿಡುತ್ತೆ. ನಂಬಿಕೆ ಬರದಿದ್ರೆ ನೀವೇ ಓಡಿಸಿ ನೋಡಿ:

```python
import re
p = r"(?u)\b\w\w+\b"
re.findall(p, "ಕರೆಂಟ್ ಶಾಕ್ ಹೊಡೀತಿದೆ")   # ['ಕರ']
re.findall(p, "ಕರೆ ಮಾಡಿ")                # ['ಕರ']
re.findall(p, "ನೀರು ಬಂದಿಲ್ಲ")            # []
```

ಒಬ್ಬರು ಮನೇಲಿ ಶಾಕ್ ಹೊಡೀತಿದೆ ಅಂತಾರೆ, ಇನ್ನೊಬ್ಬರು ಪುರುಸೊತ್ತಾದಾಗ ಕರೆ ಮಾಡಿ ಅಂತಾರೆ. ಯಂತ್ರಕ್ಕೆ ಇಬ್ಬರೂ ಒಂದೇ. ಫಿಲ್ಟರ್ರೂ ಮೋಟರ್ರೂ ಎರಡೂ ‘ಟರ’. ‘ನೀರು ಬಂದಿಲ್ಲ’ ಅನ್ನೋದು ಖಾಲಿ ಕಾಗದ. ಖಾಲಿ ಕಾಗದ ಕೊಟ್ರೆ ನೈವ್ ಬೇಯ್ಸ್ ಎಲ್ಲಕ್ಕಿಂತ ದೊಡ್ಡ ಗುಂಪಿನ ಹೆಸರು ಹೇಳುತ್ತೆ. ಅದು ರಿಪೇರಿ, ಕಂಬಸಾಲು ಉಬ್ಬಿದ್ದು ಅದಕ್ಕೇ. ಇಷ್ಟೆಲ್ಲ ಆದ್ರೂ ಒಂದು ಎಚ್ಚರಿಕೆಯ ಸಾಲು ಕೂಡ ಪರದೆ ಮೇಲೆ ಬರೋದಿಲ್ಲ, ಅದೇ ನನಗೆ ಉರಿದಿದ್ದು. ಸರಿಪಡಿಸೋದು ಒಂದೇ ಸಾಲಿನ ಕೆಲಸ: `token_pattern=r"[^\s.,!?]+"`. ಅಂದ್ರೆ ಖಾಲಿ ಜಾಗ, ಚುಕ್ಕೆ, ಅಲ್ಪವಿರಾಮ, ಆಶ್ಚರ್ಯ ಚಿಹ್ನೆ, ಪ್ರಶ್ನೆ ಚಿಹ್ನೆ ಬಂದಲ್ಲಿ ಮಾತ್ರ ಕತ್ತರಿಸು ಅಂತ. ಹಾಗೆ ಮಾಡಿದ ಮೇಲೆ ಅದೇ ನೈವ್ ಬೇಯ್ಸ್ 486 ಸರಿ ಹೇಳಿತು, ನೂರಕ್ಕೆ 81. ಆದ್ರೂ 24 ತುರ್ತಿನಲ್ಲಿ ಹಿಡಿದದ್ದು ಒಂಬತ್ತು.

ಇನ್ನು ನನ್ನ ಮೆಚ್ಚಿನದ್ದು.

```python
TfidfVectorizer(analyzer="char_wb", ngram_range=(2, 5), min_df=2)
LogisticRegression(class_weight="balanced", max_iter=1000)
```

ಇದು ಪದವನ್ನ ಇಡಿಯಾಗಿ ಎಣಿಸೋದಿಲ್ಲ. ಪದದೊಳಗೇ ಎರಡರಿಂದ ಐದು ಚಿಹ್ನೆಗಳ ತುಣುಕು ಮಾಡಿಕೊಂಡು ಅವನ್ನ ತೂಗುತ್ತೆ, ಹಾಗಾಗಿ ಮೇಲಿನ ರಗಳೆಯೇ ಇಲ್ಲ. ನಮ್ಮ ಭಾಷೆಗೆ ಇದು ಹೊಂದೋಕೆ ಇನ್ನೊಂದು ಕಾರಣ ಇದೆ. ನೀರು, ನೀರಿನ, ನೀರೇ, ನೀರನ್ನು ಅಂತ ವಿಭಕ್ತಿ ಹಚ್ಚಿದಂಗೆಲ್ಲ ಪದ ಬೇರೆಯಾಗುತ್ತೆ, ಆದ್ರೆ ‘ನೀರ’ ಅನ್ನೋ ಮೊದಲ ತುಣುಕು ಎಲ್ಲದರಲ್ಲೂ ಇರುತ್ತೆ. ಇಂಗ್ಲಿಷ್ ಅಕ್ಷರದ ಕನ್ನಡವಂತೂ ಮನೆಗೊಂದು ಥರ: `neeru barthilla`, `niru bartilla`, `neer bartha illa`. ಪದ ಎಣಿಸೋನಿಗೆ ಇವು ಸಂಬಂಧವೇ ಇಲ್ಲದ ಮೂರು ಮೆಸೇಜು, ತುಣುಕು ನೋಡೋನಿಗೆ ಮೂರರಲ್ಲೂ `bart` ಇದೆ. 600ರಲ್ಲಿ 516 ಸರಿ, ನೂರಕ್ಕೆ 86. ತುರ್ತಿನಲ್ಲಿ 24ಕ್ಕೆ 20. ತರಬೇತಿ ಒಂದು ಟೀ ಕುಡಿಯೋದರೊಳಗೆ ಮುಗಿಯುತ್ತೆ. `balanced` ಅನ್ನೋದನ್ನ ತೆಗೀಬೇಡಿ. ಚಿಕ್ಕ ಗುಂಪಿನಲ್ಲಿ ಆದ ತಪ್ಪಿಗೆ ಹೆಚ್ಚು ದಂಡ ಹಾಕೋದು ಅದೇ.

ದುಡ್ಡಿನ ಸೇವೆ: ಬಳಸೋಕೆ ಸಲೀಸು, ಪರದೆ ಚೆಂದ. ಆದ್ರೆ ಗ್ರಾಹಕರ ಫೋನ್ ನಂಬರು, ವಿಳಾಸ ಎಲ್ಲ ಬೇರೆಯೋರ ಕಂಪ್ಯೂಟರಿಗೆ ಹೋಗೋದು ಭಾವನಿಗೆ ಮೊದಲಿಂದಲೂ ಇಷ್ಟವಿರಲಿಲ್ಲ. ನನ್ನ ತಕರಾರು ಅದರ ಅಂಕಿ ಬಗ್ಗೆ. ನಾವು ಕೊಟ್ಟ ಮೆಸೇಜನ್ನ ತಾನೇ ಎರಡು ಪಾಲು ಮಾಡಿ ಪರೀಕ್ಷಿಸಿ ‘ನಿಖರತೆ 91’ ಅಂತ ಹಸಿರು ಬಣ್ಣದಲ್ಲಿ ತೋರಿಸ್ತು. ಆ ಪಾಲು ಮಾಡಿದ್ದು ಲಾಟರಿ ಎತ್ತಿದ ಹಾಗೆ. ನಮ್ಮ ಗ್ರಾಹಕರು ಉತ್ತರ ಬರದಿದ್ರೆ ಅದೇ ಮೆಸೇಜನ್ನ ಇನ್ನೊಂದು ಸಲ, ಮತ್ತೊಂದು ಸಲ ಕಳಿಸ್ತಾರೆ. ಲಾಟರಿಯಲ್ಲಿ ಒಂದು ಪ್ರತಿ ಪಾಠಕ್ಕೆ ಹೋಗುತ್ತೆ, ಅದರ ನಕಲು ಪರೀಕ್ಷೆಗೆ ಬರುತ್ತೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಂಗಾಯ್ತಲ್ಲ? ನನ್ನ ಪರೀಕ್ಷೆಯ ತಿಂಗಳು ಪೂರ್ತಿ ಆಮೇಲಿನದು, ನಕಲುಗಳನ್ನೂ ತೆಗೆದಿದ್ದೆ. ಅದರಲ್ಲಿ ಈ ಸೇವೆ ಹೇಳಿದ್ದು 522 ಸರಿ, ನೂರಕ್ಕೆ 87.

‘ಹಂಗಾದ್ರೂ ನಿನ್ನದಕ್ಕಿಂತ ಒಂದು ಜಾಸ್ತಿನೇ ಆಯ್ತಲ್ಲಪ್ಪಾ’ ಅಂದ್ರು ಭಾವ. ಸರಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. 560 ಮೆಸೇಜಿನಲ್ಲಿ ಎರಡೂ ಸರಿ, ಇಲ್ಲಾ ಎರಡೂ ತಪ್ಪು. ಒಂದು ಸರಿ ಇನ್ನೊಂದು ತಪ್ಪು ಅನ್ನೋದು ಬರೀ 40. ಅದರಲ್ಲಿ ಸೇವೆ ಗೆದ್ದದ್ದು 23, ನನ್ನದು 17. ನಾಣ್ಯವನ್ನ 40 ಸಲ ಚಿಮ್ಮಿದ್ರೂ 23–17 ಆರಾಮಾಗಿ ಬರುತ್ತೆ. ಆ ಒಂದು ಅಂಕದ ಮೇಲೆ ಯಾವ ತೀರ್ಮಾನವನ್ನೂ ಕಟ್ಟೋಕಾಗಲ್ಲ. ಆದ್ರೆ ತುರ್ತಿನಲ್ಲಿ ಅದು ಹಿಡಿದದ್ದು 24ಕ್ಕೆ 11. ಉಳಿದ ಹದಿಮೂರು ಮನೆಯವರು ರಿಪೇರಿ ಸರದಿಯಲ್ಲಿ ನಿಂತಿದ್ರು. ಒಟ್ಟು ನಿಖರತೆ ಅನ್ನೋದು ಇದನ್ನ ಹೇಗೆ ಮುಚ್ಚಿಡುತ್ತೆ ಅಂದ್ರೆ, ‘ತುರ್ತು ಅನ್ನೋದೇ ಇಲ್ಲ’ ಅಂತ ಹೇಳೋ ಯಂತ್ರಕ್ಕೂ ತುರ್ತು ಹೌದಾ ಅಲ್ಲವಾ ಅನ್ನೋ ಪ್ರಶ್ನೆಯಲ್ಲಿ ನೂರಕ್ಕೆ 96 ಸಿಗುತ್ತೆ.

ಲಾಜಿಸ್ಟಿಕ್‌ನಲ್ಲಿ ನನಗೆ ಹಿಡಿಸಿದ್ದು ಇನ್ನೊಂದು: ಪ್ರತಿ ಗುಂಪಿಗೂ ಎಷ್ಟು ಸಂಭವ ಅಂತ ಅಂಕಿ ಕೊಡುತ್ತೆ, ಗೆರೆ ಎಲ್ಲಿ ಎಳೀಬೇಕು ಅನ್ನೋದು ನಮಗೇ ಬಿಟ್ಟದ್ದು. ಸುಮ್ಮನೆ ಬಿಟ್ಟಾಗ 32 ಮೆಸೇಜಿಗೆ ತುರ್ತು ಅಂತ ಚೀಟಿ ಹಚ್ಚಿತ್ತು, ಅದರಲ್ಲಿ 20 ನಿಜ. ತುರ್ತಿನ ಸಂಭವ 0.2 ದಾಟಿದ್ರೆ ಸಾಕು ಅಂತ ಗೆರೆ ಇಳಿಸಿದ್ದಕ್ಕೆ 51ಕ್ಕೆ ಹಚ್ಚಿತು, ಅದರಲ್ಲಿ 22 ನಿಜ. ತಿಂಗಳಿಗೆ 29 ಫೋನು ಸುಮ್ಮನೆ ಮಾಡಿದಂಗಾಯ್ತು. ‘ದಿನಕ್ಕೊಂದು ಫೋನಿಗೆ ಯಾರ ಗಂಟೇನು ಹೋಗುತ್ತೆ’ ಅಂದ್ರು ಭಾವ. ಗೆರೆ ಎಲ್ಲಿ ಅನ್ನೋದನ್ನ ಮಾತ್ರ ಪರೀಕ್ಷೆಯ 600 ನೋಡಿಕೊಂಡು ಆರಿಸಬಾರದು. ನಾನು ಆ 1,800ರ ಕೊನೇ 300ನ್ನ ತರಬೇತಿಯಿಂದ ತೆಗೆದಿಟ್ಟು ಅದರಲ್ಲಿ ಆರಿಸಿದ್ದು.

ಅಕ್ಕನ ಜೊತೆ ಒಂದು ಜಗಳವೂ ಈ ಲೆಕ್ಕಕ್ಕೆ ಸೇರಿದ್ದು. ಒಂದೇ 200 ಮೆಸೇಜಿಗೆ ಇಬ್ಬರೂ ಬೇರೆಬೇರೆ ಕೂತು ಗುಂಪು ಬರೆದ್ವಿ, ಹೊಂದಿದ್ದು 174. ‘ನೀರು ಸಣ್ಣಗೆ ಬರ್ತಿದೆ’ ನನಗೆ ರಿಪೇರಿ, ಅವಳಿಗೆ ಸರ್ವಿಸ್, ಯಾಕಂದ್ರೆ ಫಿಲ್ಟರ್ ಬದಲಿಸಿದ್ರೆ ಸರಿಹೋಗುತ್ತೆ. ಅನುಭವ ಅವಳದ್ದು, ಅವಳ ಮಾತೇ ನಿಯಮ ಮಾಡಿ ಎಲ್ಲವನ್ನೂ ಇನ್ನೊಮ್ಮೆ ನೋಡಿದ್ವಿ. ಮೇಲೆ ಹೇಳಿದ ಅಂಕಿಗಳೆಲ್ಲ ಅದಾದ ಮೇಲಿನವು.

ಅಂಗಡಿ ನಮ್ಮಷ್ಟೇ ಚಿಕ್ಕದಾಗಿದ್ದು, ಮೆಸೇಜಿನಲ್ಲಿ ಎರಡು ಲಿಪಿ ಬೆರೆತಿದ್ರೆ ಲಾಜಿಸ್ಟಿಕ್ ರಿಗ್ರೆಶನ್ನನ್ನೇ ಹಿಡೀರಿ. ಎಲ್ಲರೂ ಇಂಗ್ಲಿಷಿನಲ್ಲೇ ಬರೀತಾರೆ, ಕೋಡ್ ಮುಟ್ಟೋಕೆ ಯಾರೂ ಇಲ್ಲ ಅಂದ್ರೆ ದುಡ್ಡಿನ ಸೇವೆ ನಡೆಯಬಹುದು, ನಾನಂತೂ ಮತ್ತೆ ಕಟ್ಟಲ್ಲ.

ಗೆರೆ ಇಳಿಸಿದ ಮೇಲೂ ತಪ್ಪಿಸಿಕೊಂಡ ಆ ಎರಡು ತುರ್ತು ಯಾವುವು ಅಂತ ತೆರೆದು ನೋಡಿದೆ. ಒಂದು, ‘ನಲ್ಲಿ ಮುಟ್ಟಿದ್ರೆ ಕೈ ಜುಮ್ ಅಂತದೆ’. ಶಾಕ್ ಅನ್ನೋ ಪದ ಇಲ್ಲ, ಕರೆಂಟ್ ಅನ್ನೋದೂ ಇಲ್ಲ, 1,800ರಲ್ಲಿ ಇಂಥ ಮಾತು ಯಾರೂ ಬರೆದಿರಲಿಲ್ಲ. ಇನ್ನೊಂದು ಫೋಟೋ, ಅದರ ಕೆಳಗೆ ‘ನೋಡಿ ಸಾರ್ ಇದು’ ಅಂತ ಅಷ್ಟೇ. ಹಾಗಾಗಿ ಫೋಟೋ ಇರೋ ಮೆಸೇಜೆಲ್ಲ ಈಗಲೂ ಅಕ್ಕನ ಫೋನಿಗೇ ಹೋಗ್ತಾವೆ.